‘ಸದ್ಯಕ್ಕೆ’ ಎಂದರೆ ಎಷ್ಟು ದಿನ?

ಪ್ರಶ್ನೆ: ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಎಚ್.ಆರ್. ವಿಭಾಗ ನನ್ನದು. ಗುಣಮಟ್ಟ ಪರಿಶೀಲನೆಯ ಮೇಲ್ವಿಚಾರಕರ ಹುದ್ದೆಗೆ ಮೂರು ಸುತ್ತು ಸಂದರ್ಶನ ಮುಗಿದು ಕೊನೆಗೆ ಇಬ್ಬರು ಉಳಿದರು. ಒಬ್ಬರಿಗೆ ನಿನ್ನೆ ಆಫರ್ ಕೊಟ್ಟೆವು. ಅವರಿಗೆ ಎರಡು ತಿಂಗಳ ನೋಟಿಸ್ ಅವಧಿ ಇದೆ. ಇನ್ನೊಬ್ಬ ತುಮಕೂರಿನ ಹುಡುಗ. ಡಿಪ್ಲೊಮಾ, ಆರು ವರ್ಷದ ಅನುಭವ, ಮೂರು ಸಲವೂ ರಜೆ ಹಾಕಿ ಬಂದಿದ್ದ. ಗ್ರಾಹಕ ಕಂಪನಿಗಳ ಆಡಿಟ್ ಎದುರಿಸಿದ ಅನುಭವ ಮೊದಲನೆಯವರಿಗಿದೆ, ಇವನಿಗಿಲ್ಲ, ವ್ಯತ್ಯಾಸ ಅಷ್ಟೇ. ಅವನಿಗೆ ನೋವಾಗದಿರಲಿ ಎಂದು ಹೀಗೆ ಬರೆದಿಟ್ಟಿದ್ದೇನೆ: ‘ನಿಮ್ಮ ಸಂದರ್ಶನ ನಮಗೆ ಬಹಳ ಮೆಚ್ಚುಗೆಯಾಯಿತು. ಆದರೆ ಅನುಭವದ ಕೊರತೆಯಿಂದಾಗಿ ಸದ್ಯಕ್ಕೆ ನಿಮ್ಮನ್ನು ಆಯ್ಕೆ ಮಾಡಲು ಸಾಧ್ಯವಾಗುತ್ತಿಲ್ಲ. ನಿಮ್ಮ ವಿವರಗಳನ್ನು ಇಟ್ಟುಕೊಂಡಿದ್ದೇವೆ, ಮುಂದೆ ಖಂಡಿತ ಸಂಪರ್ಕಿಸುತ್ತೇವೆ.’ ಇದನ್ನೂ ಈಗ ಕಳುಹಿಸಬೇಡಿ, ಮೊದಲನೆಯವರು ಕೈಕೊಟ್ಟರೆ ಇವನೇ ಬೇಕಾಗುತ್ತಾನೆ ಎನ್ನುತ್ತಾರೆ ನಮ್ಮ ಮ್ಯಾನೇಜರ್. ಏನು ಮಾಡಲಿ?

ಉತ್ತರ: ನಿಮ್ಮ ಮ್ಯಾನೇಜರ್ ಅವರ ಭಯ ಸುಳ್ಳಲ್ಲ. ಎರಡು ತಿಂಗಳ ನೋಟಿಸ್ ಇರುವವರು ಕೈಯಲ್ಲಿ ಒಂದು ಆಫರ್ ಇಟ್ಟುಕೊಂಡು ಇನ್ನೊಂದನ್ನು ಹುಡುಕುವುದು, ಈಗಿರುವ ಕಂಪನಿಯೇ ಸಂಬಳ ಏರಿಸಿ ಉಳಿಸಿಕೊಳ್ಳುವುದು ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ಕೇಳುವ ಸುದ್ದಿ. ಸೇರಬೇಕಾದ ದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಸ್ವಿಚ್ ಆಫ್ ಮಾಡಿಕೊಂಡವರನ್ನು ನಾನೂ ಕಂಡಿದ್ದೇನೆ. ಆದರೆ ಈ ಭಯದಲ್ಲಿ ಎರಡು ಭಾಗಗಳಿವೆ, ಅವರು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದಾರೆ. ಆಫರ್ ಪತ್ರ ಹೋದ ದಿನದಿಂದ ಅದಕ್ಕೆ ಒಪ್ಪಿಗೆಯ ಸಹಿ ಬರುವವರೆಗಿನದು ಒಂದು. ಅದು ಮೂರು ನಾಲ್ಕು ದಿನದ ಮಾತು. ಸಹಿ ಬಿದ್ದಲ್ಲಿಂದ ಅವರು ನಿಜವಾಗಿ ಗೇಟಿನೊಳಗೆ ಬರುವವರೆಗಿನದು ಇನ್ನೊಂದು. ಅದು ಅರವತ್ತು ದಿನ. ಮೊದಲನೆಯದಕ್ಕಾಗಿ ಎರಡನೆಯ ಅಭ್ಯರ್ಥಿಯನ್ನು ಕಾಯಿಸಬಹುದು, ಕಾಯುತ್ತಿರುವುದು ಅವರಿಗೂ ಗೊತ್ತಿದ್ದರೆ. ಎರಡನೆಯದಕ್ಕಾಗಿ ಕಾಯಿಸುವ ಹಕ್ಕು ನಿಮಗಿಲ್ಲ.

ನೀವು ‘ಹುಡುಗ’ ಎಂದಿರಿ. ಆರು ವರ್ಷ ದುಡಿದವರನ್ನು ನಾನು ‘ಅವರು’ ಎಂದೇ ಬರೆಯುತ್ತೇನೆ. ಕಡತದಲ್ಲಿ ಏಕವಚನಕ್ಕೆ ಇಳಿದವರಿಗೆ ಪತ್ರ ಬರೆಯುವಾಗ ಕೈ ತಾನಾಗಿಯೇ ಸಸಾರವಾಗುತ್ತದೆ.

ಸುಮ್ಮನಿದ್ದರೆ ಆ ವ್ಯಕ್ತಿ ಕೈಯಲ್ಲಿ ಉಳಿಯುತ್ತಾರೆ ಎಂಬುದು ಮ್ಯಾನೇಜರ್‌ಗಳ ಹಳೆಯ ನಂಬಿಕೆ. ನಡೆಯುವುದೇ ಬೇರೆ. ಮೂರನೇ ಸುತ್ತು ಮುಗಿಸಿ ಹೋದವರು ಒಂದು ವಾರ ಫೋನ್ ನೋಡುತ್ತಾರೆ. ಎರಡನೇ ವಾರ ನಿಮಗೊಮ್ಮೆ ಕರೆ ಮಾಡುತ್ತಾರೆ, ನೀವು ಮೀಟಿಂಗಿನಲ್ಲಿ ಇದ್ದೇನೆ ಎನ್ನುತ್ತೀರಿ. ಮೂರನೇ ವಾರಕ್ಕೆ ಉತ್ತರ ಅವರಿಗೇ ಹೊಳೆದಿರುತ್ತದೆ. ಐವತ್ತೈದನೇ ದಿನ ಮೊದಲನೆಯವರು ಕೈಕೊಟ್ಟಾಗ ನೀವು ಕರೆ ಮಾಡಿದರೆ ಅವರು ಎತ್ತುವುದಿಲ್ಲ. ಎತ್ತಿದರೂ ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ಕೇಳಿದಾಗ ನಿಮ್ಮಲ್ಲಿ ಮರ್ಯಾದೆಯ ಉತ್ತರ ಇರುವುದಿಲ್ಲ. ಅದೇ ‘ಬೇರೊಬ್ಬರನ್ನು ಆರಿಸಿದ್ದೇವೆ’ ಎಂದು ಸಮಯಕ್ಕೆ ತಿಳಿಸಿದ್ದರೆ ಅದೇ ಐವತ್ತೈದನೇ ದಿನ ಧೈರ್ಯವಾಗಿ ಕರೆ ಮಾಡಬಹುದು. ಇಲ್ಲ ಎಂದವರನ್ನು ಮತ್ತೆ ಕರೆಯಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ. ಇಂಥ ಕರೆಗಳನ್ನು ನಾನೇ ಎಷ್ಟೋ ಮಾಡಿದ್ದೇನೆ, ‘ನಾನು ಎರಡನೆಯವನೆ?’ ಎಂದು ಮುನಿಸಿಕೊಂಡವರು ಕಡಿಮೆ.

ಹಾಗಾಗಿ ಈಗ ಕಳುಹಿಸಬೇಕಾದದ್ದು ನಿರಾಕರಣೆಯ ಪತ್ರವಲ್ಲ, ಅದಕ್ಕೂ ಮೊದಲಿನ ಒಂದು ಸಣ್ಣ ಸಂದೇಶ. ನಾನಾಗಿದ್ದರೆ ಇಂದೇ ಹೀಗೆ ಬರೆಯುತ್ತಿದ್ದೆ:

‘ನಮಸ್ಕಾರ. ಈ ಹುದ್ದೆಗೆ ನಾವು ಮೊದಲು ಇನ್ನೊಬ್ಬರಿಗೆ ಆಫರ್ ಕೊಟ್ಟಿದ್ದೇವೆ. ಅವರ ಉತ್ತರ ಗುರುವಾರದೊಳಗೆ ಬರಬೇಕು. ಅವರು ಒಪ್ಪದಿದ್ದರೆ ನಿಮಗೆ ಆಫರ್ ಕೊಡುತ್ತೇವೆ. ಎರಡರಲ್ಲಿ ಯಾವುದಾದರೂ ಶುಕ್ರವಾರ ಸಂಜೆ ಐದರೊಳಗೆ ನಾನೇ ತಿಳಿಸುತ್ತೇನೆ. ಅಷ್ಟರಲ್ಲಿ ಬೇರೆ ಅವಕಾಶ ಬಂದರೆ ನಮಗಾಗಿ ಅದನ್ನು ಬಿಡಬೇಡಿ.’

ಇದನ್ನು ಬರೆಯಲು ಒಂದೇ ಷರತ್ತು: ಮೊದಲನೆಯವರು ಒಪ್ಪದಿದ್ದರೆ ನಿಜವಾಗಿಯೂ ಇವರಿಗೇ ಕೊಡುತ್ತೀರಾ? ಸಂದರ್ಶನ ಮಾಡಿದ ಮೂವರನ್ನೂ ಕೇಳಿ. ಒಬ್ಬರಾದರೂ ‘ಆಗ ಮತ್ತೆ ಜಾಹೀರಾತು ಕೊಡೋಣ’ ಎಂದರೆ ಈ ಸಂದೇಶವನ್ನು ಕಳುಹಿಸಬೇಡಿ, ನೇರವಾಗಿ ನಿರಾಕರಣೆ ಕಳುಹಿಸಿ. ಇನ್ನು ‘ಶುಕ್ರವಾರ ಐದು’ ಎಂದರೆ ಶುಕ್ರವಾರ ಐದೇ. ಮೊದಲನೆಯವರು ಇನ್ನೂ ಎರಡು ದಿನ ಕೇಳಿದರೆ, ಆ ಮಾತನ್ನೂ ಅದೇ ಶುಕ್ರವಾರ ಐದಕ್ಕೆ ಮೊದಲು ಇವರಿಗೆ ತಿಳಿಸಬೇಕು.

ಸರಿ, ಗುರುವಾರ ಸಹಿ ಬಂತು ಎಂದುಕೊಳ್ಳೋಣ. ಈಗ ನಿಮ್ಮ ಕರಡನ್ನು ಕೈಗೆತ್ತಿಕೊಳ್ಳುತ್ತೇನೆ. ಒಳ್ಳೆಯ ಮನಸ್ಸಿನಿಂದ ಬರೆದದ್ದು ಎಂಬುದು ಕಾಣುತ್ತದೆ. ಆದರೂ ಅದರಲ್ಲಿ ಓದುವವರ ದಾರಿ ತಪ್ಪಿಸುವ ಮಾತುಗಳು ಐದು ಕಡೆ ಇವೆ.

ಎಲ್ಲಕ್ಕಿಂತ ಅಪಾಯದ್ದು ‘ಸದ್ಯಕ್ಕೆ’. ಅದನ್ನು ಹತ್ತಿಯಂತೆ ಮೆತ್ತಗಿದೆ ಎಂದು ಬಳಸುತ್ತೇವೆ. ಓದುವವರಿಗೆ ಅದು ಗಡಿಯಾರದಂತೆ ಕಾಣುತ್ತದೆ. ಹದಿನೈದು ವರ್ಷಗಳ ಹಿಂದೆ ನಾನಿದ್ದ ಕಂಪನಿಯೊಂದರಲ್ಲಿ ಉಗ್ರಾಣದ ಉಸ್ತುವಾರಿ ಹುದ್ದೆಗೆ ಬಂದಿದ್ದ ಮಂಡ್ಯ ಕಡೆಯವರೊಬ್ಬರಿಗೆ ಇದೇ ಪದ ಹಾಕಿ ಪತ್ರ ಕಳುಹಿಸಿದೆ. ಅವರು ಪ್ರತಿ ತಿಂಗಳ ಮೊದಲ ಸೋಮವಾರ ಹನ್ನೊಂದು ಗಂಟೆಗೆ ಕಚೇರಿಯ ಸ್ಥಿರ ದೂರವಾಣಿಗೆ ಕರೆ ಮಾಡತೊಡಗಿದರು. ನಾನು ಪ್ರತಿ ಸಲವೂ ‘ಇನ್ನೂ ಏನೂ ಇಲ್ಲ’ ಎನ್ನುತ್ತಿದ್ದೆ. ಏಳನೇ ತಿಂಗಳು ಅವರು ಬಹಳ ವಿನಯದಿಂದ ಕೇಳಿದರು: ‘ಮೇಡಂ, ಸದ್ಯಕ್ಕೆ ಎಂದು ಬರೆದಿದ್ದಿರಲ್ಲ, ಅದು ಎಷ್ಟು ದಿನ?’ ಆ ಹುದ್ದೆ ಭರ್ತಿಯಾಗಿ ಆಗಲೇ ಆರು ತಿಂಗಳಾಗಿತ್ತು. ಅಂದಿನಿಂದ ಆ ಪದವನ್ನು ನಾನು ಇಂಥ ಪತ್ರಗಳಲ್ಲಿ ಮುಟ್ಟಿಲ್ಲ. ‘ಈ ಬಾರಿ’, ‘ಪ್ರಸ್ತುತ’, ‘ಈ ಹಂತದಲ್ಲಿ’ ಇವೆಲ್ಲ ಅದರ ಅಣ್ಣತಮ್ಮಂದಿರೇ.

ಎರಡನೆಯದು ‘ಸಾಧ್ಯವಾಗುತ್ತಿಲ್ಲ’. ಯಾರೋ ನಿಮ್ಮ ಕೈ ಹಿಡಿದುಕೊಂಡಂತೆ ಕೇಳಿಸುತ್ತದೆ. ಆಗುತ್ತಿಲ್ಲ ಎಂದಮೇಲೆ ಆಗುವಂತೆ ಮಾಡಲು ಏನಾದರೂ ದಾರಿ ಇರಬೇಕು ಎಂದು ಓದುವವರ ಮನಸ್ಸು ಓಡುತ್ತದೆ: ಪರಿಚಯದವರಿಂದ ಹೇಳಿಸೋಣವೆ, ಸಂಬಳ ಕಡಿಮೆ ಕೇಳೋಣವೆ? ನಡೆದದ್ದು ಅದಲ್ಲ. ಇಬ್ಬರಲ್ಲಿ ಒಬ್ಬರನ್ನು ನೀವು ಆರಿಸಿದಿರಿ. ‘ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ’ ಎಂದು ಬರೆಯಿರಿ. ಇದರಲ್ಲಿ ಕರ್ತೃ ಇದ್ದಾನೆ, ಕೆಲಸ ಮುಗಿದಿದೆ, ಎದುರಿಗಿರುವವರ ಮೇಲೆ ಯಾವ ತೀರ್ಪೂ ಇಲ್ಲ. ಇನ್ನೊಂದು ತುದಿಗೆ ಹೋಗಿ ‘ತಿರಸ್ಕರಿಸಲಾಗಿದೆ’, ‘ಅನರ್ಹರೆಂದು ಪರಿಗಣಿಸಲಾಗಿದೆ’ ಎಂದು ತಾಲ್ಲೂಕು ಕಚೇರಿಯ ನೋಟಿಸಿನಂತೆ ಬರೆಯುವವರೂ ಇದ್ದಾರೆ. ‘ತೀವ್ರ ವಿಷಾದದಿಂದ ತಿಳಿಸುವುದೇನೆಂದರೆ’ ಎಂದು ಆರಂಭಿಸಿದ ಪತ್ರವೊಂದನ್ನು ನೋಡಿ ಯಾರು ತೀರಿಕೊಂಡರು ಎಂದು ನಾನು ಗಾಬರಿಯಾದದ್ದೂ ಉಂಟು.

ಮೂರನೆಯದು ಮೊದಲ ವಾಕ್ಯ. ಮೆಚ್ಚುಗೆ ತಪ್ಪಲ್ಲ, ಅದು ಕುಳಿತಿರುವ ಜಾಗ ತಪ್ಪು. ಸಂದೇಶ ಬಂದಾಗ ಮೊಬೈಲ್ ಪರದೆಯ ಮೇಲೆ ಕಾಣುವುದು ಕಂಪನಿಯ ಹೆಸರು ಮತ್ತು ಮೊದಲ ಆರೇಳು ಪದ. ಆ ವ್ಯಕ್ತಿ ಯಂತ್ರದ ಪಕ್ಕ ನಿಂತಿದ್ದಾರೆ, ಜೇಬಿನಲ್ಲಿ ಫೋನ್ ನಡುಗುತ್ತದೆ, ‘ನಿಮ್ಮ ಸಂದರ್ಶನ ನಮಗೆ ಬಹಳ ಮೆಚ್ಚುಗೆಯಾಯಿತು’ ಎಂಬಷ್ಟು ಕಾಣುತ್ತದೆ. ತೆರೆದು ಓದಲು ಊಟದ ವಿರಾಮ ಬರಬೇಕು. ಆ ಒಂದು ಗಂಟೆಯಲ್ಲಿ ಅವರು ಮನೆಗೆ ಸುದ್ದಿ ಮುಟ್ಟಿಸಿಬಿಟ್ಟರೆ? ನಿರ್ಧಾರ ಮೊದಲ ಅಥವಾ ಎರಡನೆಯ ವಾಕ್ಯದಲ್ಲೇ ಇರಲಿ, ಮೆಚ್ಚುಗೆ ಅದರ ನಂತರ ಬರಲಿ.

ನಾಲ್ಕನೆಯದು ‘ಖಂಡಿತ ಸಂಪರ್ಕಿಸುತ್ತೇವೆ’. ಕಳೆದ ವರ್ಷ ಹೀಗೆ ಬರೆದವರಲ್ಲಿ ಎಷ್ಟು ಜನರನ್ನು ಸಂಪರ್ಕಿಸಿದ್ದೀರಿ ಎಂದು ನಿಮ್ಮ ಕಡತ ತೆರೆದು ಎಣಿಸಿ ನೋಡಿ. ಸಂಖ್ಯೆ ನನಗೆ ಹೇಳುವುದು ಬೇಡ. ನಿಜವಾಗಿಯೂ ಕರೆಯುವ ಇರಾದೆ ಇದ್ದರೆ ಅದನ್ನು ಭರವಸೆಯಾಗಿ ಬರೆಯುವ ಬದಲು ಪ್ರಶ್ನೆಯಾಗಿ ಬರೆಯಿರಿ: ಇಂಥದೇ ಹುದ್ದೆ ಖಾಲಿಯಾದರೆ ಕರೆ ಮಾಡಲೇ, ಅದಕ್ಕಾಗಿ ನಿಮ್ಮ ವಿವರ ಒಂದು ವರ್ಷ ಇಟ್ಟುಕೊಳ್ಳಲೇ? ಆ ವಿವರ ಅವರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಧೋರಣೆಯೂ ಇದೇ: ಯಾವ ಕೆಲಸಕ್ಕೆಂದು ಮಾಹಿತಿ ಪಡೆದಿರೋ ಅದಕ್ಕೆ ಮಾತ್ರ ಬಳಸಬೇಕು.

ಐದನೆಯದಾದ ‘ಅನುಭವದ ಕೊರತೆ’ಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಕಾರಣ ಕೊಡುವಾಗ. ಆರು ವರ್ಷ ಎಂಬುದು ಅವರ ರೆಸ್ಯೂಮೆಯ ಮೊದಲ ಸಾಲಿನಲ್ಲೇ ಇತ್ತು. ಅದನ್ನು ಓದಿಯೇ ಕರೆದಿರಿ. ತುಮಕೂರಿನಿಂದ ಸುಮಾರು ಅರವತ್ತು ಕಿಲೋಮೀಟರ್, ಮೂರು ಸಲ, ಬೆಳಗಿನ ಬಸ್ಸು ಹಿಡಿದು ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು ಬಂದವರಿಗೆ ಕೊನೆಯಲ್ಲಿ ಅನುಭವ ಸಾಲದು ಎಂದರೆ, ಅದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲ ಎಂಬ ಪ್ರಶ್ನೆ ಏಳುತ್ತದೆ. ಅದು ನ್ಯಾಯವಾದ ಪ್ರಶ್ನೆ. ರೆಸ್ಯೂಮೆಯಲ್ಲೇ ಕಾಣುತ್ತಿದ್ದ ಸಂಗತಿಯನ್ನು ಮೂರನೇ ಸುತ್ತಿನ ಬಳಿಕ ಕಾರಣವಾಗಿ ಕೊಡಬಾರದು. ಒಂದೋ ಅದು ನಿಜವಾದ ಕಾರಣವಲ್ಲ, ಅಥವಾ ತಪ್ಪು ನಿಮ್ಮದು.

ನೀವೇ ಹೇಳಿದಂತೆ ನಿಜವಾದ ವ್ಯತ್ಯಾಸ ಆಡಿಟ್. ನಿಮ್ಮ ಕೆಲಸ ಬಲ್ಲವರಿಗೆ ಅದರ ಅರ್ಥ ತಕ್ಷಣ ಆಗುತ್ತದೆ: ವಾಹನ ಕಂಪನಿಯವರು ಬಂದು ಅಳತೆಯ ದಾಖಲೆ, ಗೇಜುಗಳ ಕ್ಯಾಲಿಬ್ರೇಷನ್ ಪತ್ರ, ತಿರಸ್ಕೃತ ಭಾಗಗಳ ಲೆಕ್ಕ ಎಲ್ಲವನ್ನೂ ಎದುರಿಗೆ ಹರಡಿಕೊಂಡು ಪ್ರಶ್ನೆ ಕೇಳುವಾಗ ಉತ್ತರಿಸುವವರು ಬೇಕು. ಇವರು ಒಳಗಿನ ತಪಾಸಣೆ ಮಾಡಿದ್ದಾರೆ, ಹೊರಗಿನವರ ಮುಂದೆ ಕುಳಿತಿಲ್ಲ. ಇದನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಹೇಳಿದರೆ ಅವರಿಗೆ ಉಪಯೋಗವೂ ಇದೆ. ಈಗಿನ ಕಾರ್ಖಾನೆಯಲ್ಲೇ ಮುಂದಿನ ಗ್ರಾಹಕ ಆಡಿಟ್‌ಗೆ ನನ್ನನ್ನೂ ಕೂರಿಸಿ ಎಂದು ಕೇಳಿಕೊಳ್ಳಬಹುದು.

ಕಾರಣ ಬರೆಯುವ ಮುನ್ನ ನಾನು ಮಾಡುವ ಪರೀಕ್ಷೆ ಒಂದೇ. ಬರೆದ ವಾಕ್ಯವನ್ನು ಸಂದರ್ಶನ ಮಾಡಿದವರ ಮುಂದೆ ಓದಿ, ‘ಈ ಒಂದು ಇದ್ದಿದ್ದರೆ ಇವರನ್ನು ತೆಗೆದುಕೊಳ್ಳುತ್ತಿದ್ದಿರಾ?’ ಎಂದು ಕೇಳುತ್ತೇನೆ. ಅವರು ಹೌದು ಎಂದರೆ ಆ ಕಾರಣ ಹೋಗಬಹುದು. ತಡವರಿಸಿದರೆ ಅದು ತೇಪೆ ಕಾರಣ. ತೇಪೆ ಕಾರಣ ಕೊಟ್ಟರೆ ಆ ವ್ಯಕ್ತಿ ಆರು ತಿಂಗಳು ಶ್ರಮಪಟ್ಟು, ದುಡ್ಡು ಕೊಟ್ಟು ಯಾವುದೋ ಸರ್ಟಿಫಿಕೇಟ್ ತಂದು ಮತ್ತೆ ನಿಮ್ಮ ಬಾಗಿಲಿಗೆ ಬರುತ್ತಾರೆ. ಆಗ ನೀವು ಇನ್ನೊಂದು ಕಾರಣ ಹುಡುಕಬೇಕು.

ಹೇಳಲಾಗದ ಕಾರಣಗಳೂ ಇರುತ್ತವೆ. ಒಳಗಿನವರಿಗೇ ಹುದ್ದೆ ಕೊಡುವುದೆಂದು ಮೊದಲೇ ತೀರ್ಮಾನವಾಗಿರುತ್ತದೆ, ಅಥವಾ ಮೂವರು ಸಂದರ್ಶಕರಿಗೆ ಮೂರು ಅಭಿಪ್ರಾಯವಿರುತ್ತದೆ. ಆಗ ಕಾರಣವನ್ನೇ ಬರೆಯಬೇಡಿ. ‘ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ’ ಎಂಬಲ್ಲಿಗೆ ನಿಲ್ಲಿಸಿದರೆ ಅದು ಅಪೂರ್ಣ, ಆದರೆ ಸುಳ್ಳಲ್ಲ. ‘ಹುದ್ದೆಯನ್ನು ತಡೆಹಿಡಿಯಲಾಗಿದೆ’ ಎಂದು ಬರೆದು ಅದೇ ವಾರ ಅದೇ ಹುದ್ದೆಯ ಜಾಹೀರಾತು ನೌಕರಿ ತಾಣದಲ್ಲಿ ತೂಗುತ್ತಿದ್ದರೆ ಅದು ಸುಳ್ಳು, ಅವರು ನೋಡಿಯೂ ನೋಡುತ್ತಾರೆ. (ಸಹಿ ಬಂದ ದಿನವೇ ಆ ಜಾಹೀರಾತನ್ನು ಇಳಿಸಿಬಿಡಿ. ಮರೆಯುವವರೇ ಹೆಚ್ಚು.) ಇನ್ನು ‘ಮದುವೆ ಗೊತ್ತಾಗಿದೆಯಂತೆ, ಬಿಟ್ಟು ಹೋಗುತ್ತಾಳೆ’ ಎಂಬಂಥ ಕಾರಣವಾದರೆ ಅದನ್ನು ಹೇಗೆ ಬರೆಯಲಿ ಎಂದು ನನ್ನನ್ನು ಕೇಳಬೇಡಿ, ನಿರ್ಧಾರವನ್ನೇ ಬದಲಿಸಿ. ಹೆಣ್ಣೆಂಬ ಕಾರಣಕ್ಕೆ ನೇಮಕಾತಿಯಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನು 1976ರಲ್ಲೇ ಬಂದಿದೆ.

ಇಷ್ಟೆಲ್ಲ ಸೋಸಿದ ಮೇಲೆ ನಿಮ್ಮ ಪತ್ರ ಹೀಗೆ ಉಳಿಯುತ್ತದೆ:

‘ನಮಸ್ಕಾರ. ಗುಣಮಟ್ಟ ಮೇಲ್ವಿಚಾರಕರ ಹುದ್ದೆಗೆ ನಾವು ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ. ಅವರು ಇಂದು ಒಪ್ಪಿಕೊಂಡಿದ್ದಾರೆ. ಗ್ರಾಹಕ ಕಂಪನಿಗಳ ಆಡಿಟ್ ನೇರವಾಗಿ ಎದುರಿಸಿದ ಅನುಭವ ಅವರಿಗಿತ್ತು, ನಮ್ಮ ನಿರ್ಧಾರಕ್ಕೆ ಅದೇ ಕಾರಣ. ಎರಡನೇ ಸುತ್ತಿನಲ್ಲಿ ನಕ್ಷೆ ನೋಡಿ ಅಳತೆಯ ದೋಷವನ್ನು ನೀವು ಗುರುತಿಸಿದ ರೀತಿ ನಮ್ಮ ಎಂಜಿನಿಯರ್‌ಗಳಿಗೆ ಹಿಡಿಸಿತು. ಮೂರು ಸಲ ರಜೆ ಹಾಕಿ ಬಂದಿರಿ, ಅದಕ್ಕೆ ಕೃತಜ್ಞತೆಗಳು. ಇಂಥ ಹುದ್ದೆ ಮತ್ತೆ ಖಾಲಿಯಾದರೆ ನಿಮಗೆ ಕರೆ ಮಾಡಬಹುದೆ, ತಿಳಿಸಿ. ಏನಾದರೂ ಕೇಳುವುದಿದ್ದರೆ ಇದೇ ಸಂಖ್ಯೆಗೆ ಕರೆ ಮಾಡಿ.’

ಐವತ್ತು ಚಿಲ್ಲರೆ ಪದ. ಮೊಬೈಲಿನಲ್ಲಿ ಬೆರಳಿಂದ ಸರಿಸದೆ ಓದಿ ಮುಗಿಸಬಹುದು. ನಕ್ಷೆಯ ಮಾತು ನನ್ನ ಊಹೆ. ನಿಮ್ಮ ಅಂಕಪಟ್ಟಿಯಲ್ಲಿ ಸಂದರ್ಶಕರು ಗೀಚಿದ ನಿಜವಾದ ಒಂದು ಸಂಗತಿಯನ್ನು ಅಲ್ಲಿಡಿ. ಅಂಥದ್ದೇನೂ ಸಿಗದಿದ್ದರೆ ಆ ವಾಕ್ಯವನ್ನೇ ತೆಗೆಯಿರಿ. ‘ನಿಮ್ಮ ಪ್ರತಿಭೆಗೆ ಉಜ್ವಲ ಭವಿಷ್ಯ ಕಾದಿದೆ’ ಎಂಬುದನ್ನು ಬೀಳ್ಕೊಡುಗೆ ಸಮಾರಂಭಕ್ಕೆ ಬಿಟ್ಟುಬಿಡಿ. ಹೊಗಳಿಕೆಗೂ ಒಂದು ಅಳತೆ ಇದೆ: ನಿರ್ಧಾರಕ್ಕಿಂತ ಉದ್ದವಾಗಬಾರದು. ಉದ್ದವಾದರೆ ಇಷ್ಟು ಚೆನ್ನಾಗಿದ್ದವನನ್ನು ಏಕೆ ಬಿಟ್ಟರು ಎಂಬ ಗೊಂದಲ ಹುಟ್ಟಿ, ಓದುವವರು ನಡುವೆ ಎಲ್ಲೋ ಸುಳ್ಳಿದೆ ಎಂದುಕೊಳ್ಳುತ್ತಾರೆ.

ಮೊದಲ ಸುತ್ತಿನಲ್ಲೇ ಉಳಿಯದವರಿಗೆ ಸಂದೇಶ ಸಾಕು. ಮೂರನೇ ಸುತ್ತಿಗೆ ಬಂದವರಿಗೆ ಮೊದಲು ಫೋನ್ ಮಾಡಿ, ಆಮೇಲೆ ಪತ್ರ ಕಳುಹಿಸಿ. ಅವರ ಪಾಳಿ ಯಾವುದು ಎಂಬುದು ಸಂದರ್ಶನದಲ್ಲೇ ಗೊತ್ತಾಗಿರುತ್ತದೆ; ಪಾಳಿ ಮುಗಿದು ಅರ್ಧ ಗಂಟೆಯ ನಂತರ ಮಾಡಿ, ಈಗಿನ ಮೇಲಧಿಕಾರಿಯ ಎದುರು ಅವರು ‘ಹೌದು ಮೇಡಂ, ಸರಿ ಮೇಡಂ’ ಎಂದು ಕಷ್ಟಪಡುವುದು ಬೇಡ. ಹೇಗಿದ್ದೀರಿ, ಊಟ ಆಯಿತೆ ಎಂದು ಎಳೆಯಬೇಡಿ, ಆ ಉಪಚಾರದಲ್ಲೇ ಅವರಿಗೆ ಆಸೆ ಮೂಡುತ್ತದೆ. ‘ಆ ಹುದ್ದೆಯ ವಿಷಯ ತಿಳಿಸಲು ಕರೆ ಮಾಡಿದೆ, ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ’ ಎಂದು ಹೇಳಿ ಸುಮ್ಮನಾಗಿ. ಆ ಮೂರು ಕ್ಷಣದ ಮೌನವನ್ನು ತುಂಬಲು ಹೋಗಿಯೇ ಎಚ್.ಆರ್.ನವರು ಸುಳ್ಳು ಹೇಳುವುದು. ‘ನನಗಂತೂ ನೀವೇ ಆಗಬೇಕಿತ್ತು’ ಎಂಬುದು ಆ ಜಾಗದಲ್ಲಿ ಹುಟ್ಟುವ ಅತಿ ಸಾಮಾನ್ಯ ಮಾತು. ಅದನ್ನು ಆಡಿದರೆ ಮ್ಯಾನೇಜರ್ ಖಳನಾಯಕ, ನೀವು ನಿಸ್ಸಹಾಯಕರು, ಕೇಳಿದವರಿಗೆ ಮಾತ್ರ ಏನೂ ದಕ್ಕಲಿಲ್ಲ.

ಅವರನ್ನು ಶಿಫಾರಸು ಮಾಡಿದವರು ನಿಮ್ಮ ಕಾರ್ಖಾನೆಯಲ್ಲೇ ಇದ್ದಾರೆಯೆ? ಹಾಗಿದ್ದರೆ ಕ್ಯಾಂಟೀನಿನಲ್ಲಿ ಸುದ್ದಿ ಸೋರುವ ಮೊದಲೇ ಈ ಕರೆ ಹೋಗಬೇಕು. ಕನ್ಸಲ್ಟೆನ್ಸಿಯ ಮೂಲಕ ಬಂದಿದ್ದರೂ ನೀವೇ ತಿಳಿಸಿ. ನಿಮ್ಮ ‘ಇಲ್ಲ’ ಅವರ ಬಾಯಲ್ಲಿ ‘ಸ್ವಲ್ಪ ತಡವಾಗುತ್ತದಂತೆ’ ಆಗುವುದು ಹೊಸತಲ್ಲ. ಇನ್ನೊಂದು ಕಂಪನಿಗೆ ತೋರಿಸಲು ಅವರಿಗೆ ಆ ಅಭ್ಯರ್ಥಿ ಬೇಕಲ್ಲ.

ಉತ್ತರವಾಗಿ ಏನು ಬರಬಹುದು? ಹೆಚ್ಚಿನವರು ‘ಸರಿ ಮೇಡಂ, ಧನ್ಯವಾದ’ ಎನ್ನುತ್ತಾರೆ. ಕೆಲವರು ಇನ್ನಷ್ಟು ವಿವರ ಕೇಳುತ್ತಾರೆ. ಆಗ ಪತ್ರದಲ್ಲಿದ್ದ ಅದೇ ಕಾರಣವನ್ನು ಬಿಡಿಸಿ ಹೇಳಿ, ಹೊಸದೊಂದನ್ನು ಸೇರಿಸಬೇಡಿ. ಆಯ್ಕೆಯಾದವರು ಯಾರು, ಎಲ್ಲಿಯವರು, ಅವರಿಗೆ ಎಷ್ಟು ಸಂಬಳ ಎಂಬುದು ನೀವು ಹಂಚುವ ಸುದ್ದಿಯಲ್ಲ. ಕಷ್ಟವಾಗುವುದು ‘ಕಡಿಮೆ ಸಂಬಳಕ್ಕೆ ಬರುತ್ತೇನೆ, ಇನ್ನೊಮ್ಮೆ ನೋಡಿ’ ಎನ್ನುವವರಿಗೆ ಉತ್ತರಿಸುವುದು. ‘ಯೋಚಿಸುತ್ತೇನೆ’ ಎಂದು ತಪ್ಪಿಸಿಕೊಳ್ಳಲು ನಾಲಿಗೆ ತುರಿಸುತ್ತದೆ. ‘ಸಂಬಳದ ಮೇಲೆ ಆದ ನಿರ್ಧಾರವಲ್ಲ ಇದು. ಆ ಹುದ್ದೆ ಭರ್ತಿಯಾಗಿದೆ’ ಎಂದಷ್ಟೇ ಹೇಳಿ.

ಅರವತ್ತು ದಿನ ಕಳೆದು ಮೊದಲನೆಯವರು ಬರಲೇ ಇಲ್ಲ ಎಂದುಕೊಳ್ಳಿ. ಆಗ ತುಮಕೂರಿನವರಿಗೆ ನೀವೇ ಕರೆ ಮಾಡಿ, ಇದ್ದದ್ದನ್ನು ಇದ್ದಂತೆ ಹೇಳಿ: ‘ಆಗ ಬೇರೊಬ್ಬರನ್ನು ಆರಿಸಿದ್ದೆವು, ಅವರು ಸೇರಲಿಲ್ಲ. ಆ ಹುದ್ದೆ ನಿಮಗೆ ಕೊಡಬೇಕೆಂದಿದ್ದೇವೆ. ಮತ್ತೆ ಸಂದರ್ಶನ ಇಲ್ಲ. ಎರಡು ದಿನ ಯೋಚಿಸಿ ಹೇಳಿ.’ ನಾಲ್ಕನೇ ಸುತ್ತಿಗೆ ಅವರನ್ನು ಜಾಲಹಳ್ಳಿ ಕ್ರಾಸಿನ ತನಕ ಮತ್ತೆ ಕರೆಸಬೇಡಿ. ನಿಮ್ಮ ಮ್ಯಾನೇಜರ್ ‘ಇನ್ನೊಮ್ಮೆ ನೋಡಿಬಿಡೋಣ’ ಎಂದರೆ ಆ ಮೂರು ಸುತ್ತಿನ ಅಂಕಪಟ್ಟಿಯನ್ನು ಅವರ ಮೇಜಿನ ಮೇಲಿಡಿ.